ಸಿಡಿಲಿನಂತೆ ಎರಗುವ ತಲೆನೋವು

ಒಂದೇ ನಿಮಿಷದೊಳಗೆ ತಾರಕಕ್ಕೇರುವ ತೀವ್ರ ತಲೆನೋವು. ಮಿದುಳಿನ ಪೊರೆಯಡಿಯ ರಕ್ತಸ್ರಾವ ಇದರ ಅತಿ ಅಪಾಯಕಾರಿ ಕಾರಣ. ಉಬ್ಬಿದ ರಕ್ತನಾಳ ಒಡೆದಾಗ ಹೀಗಾಗುತ್ತದೆ. ಏರಿದ ರಕ್ತದೊತ್ತಡ, ಧೂಮಪಾನ ಅದಕ್ಕೆ ದಾರಿ ಮಾಡುತ್ತವೆ.

ನಿಪ್ಪಾಣಿಯಲ್ಲಿ ದಿನವಿಡೀ ಕತ್ತು ಬಗ್ಗಿಸಿ ಬೀಡಿ ಕಟ್ಟುವ ಹೆಂಗಸಿಗೆ ಸಂಜೆ ಬರುವ ನೋವು ಬೇರೆ ಬಗೆಯದು. ಹಣೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಮೆಲ್ಲಗೆ ಏರುತ್ತದೆ, ಕೆಲಸ ನಿಲ್ಲಿಸುವುದಿಲ್ಲ. ಇದು ಬಿಗಿತದ ತಲೆನೋವು. ಅದೇ ಹೆಂಗಸು ಬಿಂದಿಗೆ ಎತ್ತುವಾಗ ಥಟ್ಟನೆ ತಲೆ ಹಿಡಿದು ಕುಳಿತು, ವಾಂತಿ ಮಾಡಿಕೊಂಡರೆ ಅದನ್ನು ಪಿತ್ತವೆಂದು ತಳ್ಳಿಹಾಕಬಾರದು. ಕತ್ತು ಸೆಟೆಯುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್, ಮಾತು ತೊದಲುವುದು, ಒಂದು ಕೈಕಾಲು ಸೋಲುವುದು, ಜ್ವರದೊಡನೆ ಕತ್ತು ಬಿಗಿಯುವುದು ತುರ್ತಿನ ಗುರುತುಗಳು. ಇವು ಯಾವುವೂ ಇಲ್ಲದೆ ಬರೀ ಹಠಾತ್ ನೋವಿದ್ದರೂ ಅದು ತುರ್ತೇ.

ಮಾತ್ರೆಗೆ ನೋವು ತಗ್ಗಿತೆಂದರೆ ಅಪಾಯ ಕಳೆಯಿತೆಂದಲ್ಲ. ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಆಸ್ಪಿರಿನ್ ಕೊಡಬಾರದು, ರಕ್ತಸ್ರಾವ ಹೆಚ್ಚೀತು. 108ಕ್ಕೆ ಕರೆಮಾಡಿ ಸಿಟಿ ಸ್ಕ್ಯಾನ್ ಇರುವಲ್ಲಿಗೆ ಒಯ್ಯಬೇಕು. ಕಾಗವಾಡ, ಅಥಣಿಯವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಹಾಪುರ ಬೆಳಗಾವಿಗಿಂತ ಹತ್ತಿರ. ರಾಜ್ಯದ ಗಡಿ ನೋಡುತ್ತ ಕೂರುವ ಹೊತ್ತಲ್ಲ. ಮೊದಲ 6 ಗಂಟೆಯೊಳಗಿನ ಸ್ಕ್ಯಾನ್ ಬಹುತೇಕ ಎಲ್ಲ ಸ್ರಾವವನ್ನೂ ತೋರಿಸುತ್ತದೆ. ತಡವಾದರೆ ಬೆನ್ನುಹುರಿಯ ನೀರಿನ ಪರೀಕ್ಷೆಯೂ ಬೇಕಾಗಬಹುದು. ನೋವು ಶುರುವಾದ ಗಳಿಗೆಯನ್ನು ಗಡಿಯಾರ ನೋಡಿ ವೈದ್ಯರಿಗೆ ಹೇಳಬೇಕು.