ಸಾಲ ಮಾಹಿತಿ ವರದಿಯಲ್ಲಿನ ತಪ್ಪು ನಮೂದುಗಳ ತಿದ್ದುಪಡಿ – ಬೆಳೆ ಸಾಲಗಾರರಿಗೆ ಮಾಹಿತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಬೆಳೆ ಸಾಲಗಾರರ ಗಮನಕ್ಕೆ: 2018ರ ರಾಜ್ಯ ಬೆಳೆ ಸಾಲ ಮನ್ನಾ ಯೋಜನೆಯಡಿ ತೀರಿದ ಸಾಲವು ಸಾಲ ಮಾಹಿತಿ ವರದಿಯಲ್ಲಿ ಇನ್ನೂ ಬಾಕಿ ಎಂದೇ ಕಂಡುಬಂದಲ್ಲಿ, ಹೊಸ ಸಾಲದ ಅರ್ಜಿಯು ತಿರಸ್ಕೃತವಾಗುವ ಸಂಭವವಿರುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮೊದಲೇ ವರದಿಯನ್ನು ಪರಿಶೀಲಿಸುವುದು ಸೂಕ್ತ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡತಕ್ಕದ್ದು. ಒಂದರಲ್ಲಿ ಸರಿಯಿರುವ ನಮೂದು ಮತ್ತೊಂದರಲ್ಲಿ ತಪ್ಪಿರಬಹುದು. ಸಾಲ ನಿರಾಕರಿಸಿದ ಬ್ಯಾಂಕು ಯಾವ ಸಂಸ್ಥೆಯ ವರದಿಯನ್ನು ನೋಡಿದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ವರದಿಯಲ್ಲಿ ಬಾಕಿ ಮೊತ್ತದ ಜೊತೆಗೆ, ಬ್ಯಾಂಕು ಕೊನೆಯದಾಗಿ ಮಾಹಿತಿ ಕಳುಹಿಸಿದ ದಿನಾಂಕವನ್ನೂ ನೋಡತಕ್ಕದ್ದು. ಅನೇಕರು ಇದನ್ನು ಗಮನಿಸುವುದಿಲ್ಲ. ಆ ದಿನಾಂಕವು ಸಾಲ ತೀರುವುದಕ್ಕಿಂತ ಹಿಂದಿನದಾಗಿದ್ದರೆ, ಬ್ಯಾಂಕು ನಂತರದ ಮಾಹಿತಿಯನ್ನು ಕಳುಹಿಸಿಲ್ಲವೆಂದು ತಿಳಿಯಬಹುದು. ದಿನಾಂಕ ಇತ್ತೀಚಿನದಾಗಿದ್ದೂ ಬಾಕಿ ಇದ್ದಲ್ಲಿ, ಬ್ಯಾಂಕಿನ ಲೆಕ್ಕದಲ್ಲಿಯೇ ಖಾತೆ ಮುಕ್ತಾಯವಾಗಿರಲಿಕ್ಕಿಲ್ಲ. ವಾಣಿಜ್ಯ ಬ್ಯಾಂಕುಗಳಲ್ಲಿ ಮನ್ನಾ ಮಿತಿಯು ಕುಟುಂಬಕ್ಕೆ ರೂ. 2 ಲಕ್ಷವಾಗಿದ್ದುದರಿಂದ ಮಿಕ್ಕ ಮೊತ್ತ ಉಳಿದಿರಬಹುದು. ಅಂತಹ ನಮೂದು ತಪ್ಪಲ್ಲ. ಮೊದಲು ಖಾತೆ ವಿವರ ಪಡೆದು ಖಚಿತಪಡಿಸಿಕೊಳ್ಳಬೇಕು.

ಮಾಹಿತಿ ಸಂಸ್ಥೆಯು ಬ್ಯಾಂಕಿನ ದೃಢೀಕರಣವಿಲ್ಲದೆ ನಮೂದನ್ನು ಬದಲಿಸುವುದಿಲ್ಲ. ಆದಕಾರಣ ಸಂಸ್ಥೆಯ ವೆಬ್‌ಸೈಟಿನಲ್ಲಿ ದೂರು ದಾಖಲಿಸುವುದರ ಜೊತೆಗೆ, ಸಾಲ ನೀಡಿದ ಶಾಖೆಗೂ ಋಣಮುಕ್ತ ಪತ್ರದ ಪ್ರತಿಯೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ದಿನಾಂಕಸಹಿತ ಸ್ವೀಕೃತಿ ಪಡೆಯತಕ್ಕದ್ದು. ಬ್ಯಾಂಕು ವಿಲೀನವಾಗಿದ್ದಲ್ಲಿ ಈಗಿನ ಬ್ಯಾಂಕಿಗೆ ಅರ್ಜಿ ಸಲ್ಲಿಸಬೇಕು; ಉದಾಹರಣೆಗೆ, ಹಿಂದಿನ ಸಿಂಡಿಕೇಟ್ ಬ್ಯಾಂಕಿನ ಸಾಲಕ್ಕೆ ಕೆನರಾ ಬ್ಯಾಂಕು. ತಿದ್ದುಪಡಿ ಶುಲ್ಕರಹಿತವಾಗಿದ್ದು, ಹಣ ಕೇಳುವ ಮಧ್ಯವರ್ತಿಗಳ ಅಗತ್ಯವಿಲ್ಲ.

ದೂರು 30 ದಿನಗಳೊಳಗೆ ಇತ್ಯರ್ಥವಾಗಬೇಕು. ಈ ಪೈಕಿ ಬ್ಯಾಂಕು 21 ದಿನಗಳೊಳಗೆ ಸರಿಪಡಿಸಿದ ಮಾಹಿತಿಯನ್ನು ಸಂಸ್ಥೆಗೆ ಕಳುಹಿಸತಕ್ಕದ್ದು. ವಿಳಂಬವಾದಲ್ಲಿ, ಏಪ್ರಿಲ್ 2024ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದನ್ವಯ ದಿನಕ್ಕೆ ರೂ. 100 ಪರಿಹಾರ ದೊರೆಯುತ್ತದೆ. ಜಗಳೂರಿನ ರೈತರೊಬ್ಬರು ಜೂನ್ 3ರಂದು ದೂರು ನೀಡಿ, ಜುಲೈ 12ರಂದು ಇತ್ಯರ್ಥವಾಯಿತೆಂದು ಭಾವಿಸೋಣ. 30 ದಿನಗಳು ಜುಲೈ 3ಕ್ಕೆ ಮುಗಿಯುವುದರಿಂದ 9 ದಿನಗಳ ವಿಳಂಬಕ್ಕೆ ರೂ. 900 ಸಲ್ಲತಕ್ಕದ್ದು. ಪರಿಹಾರ ಜಮೆಗಾಗಿ ದೂರಿನಲ್ಲಿ ಬ್ಯಾಂಕ್ ಖಾತೆಯ ವಿವರವನ್ನು ನಮೂದಿಸಿರಬೇಕು.

ದೂರನ್ನು ತಿರಸ್ಕರಿಸಿದಲ್ಲಿ ಕಾರಣ ತಿಳಿಸತಕ್ಕದ್ದು. ಕಾರಣ ಒಪ್ಪಿಗೆಯಾಗದಿದ್ದಲ್ಲಿ ಅಥವಾ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ, ಸ್ವೀಕೃತಿ ಪ್ರತಿಯೊಂದಿಗೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ತಡಮಾಡದೆ ದೂರು ಸಲ್ಲಿಸಬಹುದು. ಹಿಂದೆ ಕಂತು ತಡವಾಗಿ ಪಾವತಿಸಿದ್ದು ನಿಜವೇ ಆಗಿದ್ದಲ್ಲಿ, ಸಾಲ ತೀರಿದ ಮಾತ್ರಕ್ಕೆ ಆ ನಮೂದನ್ನು ಅಳಿಸಲಾಗುವುದಿಲ್ಲ.