ಹಬ್ಬ ಕಳೆದ ಮೇಲಿನ ಲೆಕ್ಕ

ಜಾಹೀರಾತಿನ ಫಲವನ್ನು ಅಳೆಯುವ ವಿದ್ಯೆ ಬೆಳೆದುದು ಅಂಚೆಯ ವ್ಯಾಪಾರದಲ್ಲಿ. ಪತ್ರಿಕೆಯಿಂದ ಕತ್ತರಿಸಿ ಕಳುಹಿಸುವ ಕೂಪನ್ನಿನ ಮೂಲೆಯಲ್ಲಿ ಬೇರೆ ಬೇರೆ ಗುರುತುಗಳನ್ನು ಅಚ್ಚು ಹಾಕಿಸಿ, ಯಾವ ಒಕ್ಕಣೆಗೆ ಎಷ್ಟು ಮಂದಿ ಓಗೊಟ್ಟರೆಂದು ಎಣಿಸುವ ಪದ್ಧತಿಯನ್ನು ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ 1923ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆದರೆ ಜಾಹೀರಾತನ್ನು ಕಾಣದಿದ್ದರೂ ಕೊಳ್ಳುತ್ತಿದ್ದವರು ಎಷ್ಟೆಂಬುದನ್ನು ಆ ಎಣಿಕೆಯೊಂದೇ ತಿಳಿಸಲಾರದು. ಅದಕ್ಕೆ ದಾರಿ ದೊರೆತುದು ಅಂಗಡಿಯಲ್ಲಲ್ಲ, ಹೊಲದಲ್ಲಿ: ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ದುಡಿದ ಆರ್. ಎ. ಫಿಶರ್, ಯಾವ ಪಟ್ಟಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿಶ್ಚಯಿಸಿ ಎರಡರ ಫಸಲನ್ನೂ ತೂಗುವ ಕ್ರಮವನ್ನು 1925 ಮತ್ತು 1935ರ ಕೃತಿಗಳಲ್ಲಿ ಶಾಸ್ತ್ರವಾಗಿಸಿದರು.

ನಮ್ಮ ನಾಡಿನಲ್ಲಿ, 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ನಡೆಸಿದ ಮಹಾಮಾರಾಟದಲ್ಲಿ ಹತ್ತು ಗಂಟೆಗಳೊಳಗೆ ಹತ್ತು ಕೋಟಿ ಡಾಲರ್ ಮೌಲ್ಯದ ಸರಕು ಮಾರಾಟವಾಯಿತೆಂದು ಸಾರಲಾಯಿತು; ಮರುದಿನವೇ ಸ್ಥಾಪಕರು ಗ್ರಾಹಕರ ಕ್ಷಮೆ ಯಾಚಿಸಬೇಕಾಯಿತು. ಅಂಥ ಮೊದಲ ಅಂಕಿಯಲ್ಲಿ ವಾಪಸು ಬಂದ ಸರಕಾಗಲಿ, ಬಿಟ್ಟುಕೊಟ್ಟ ರಿಯಾಯಿತಿಯಾಗಲಿ ಕಾಣುವುದಿಲ್ಲ.

ಫಿಶರರ ಆ ಕ್ರಮವನ್ನು, ವಾಪಸು ಮತ್ತು ರಿಯಾಯಿತಿಗಳ ಲೆಕ್ಕವನ್ನೂ ಸೇರಿಸಿ, ಕೆಂಭಾವಿಯ ಬಟ್ಟೆಯಂಗಡಿಯೊಂದರ ಕಲ್ಪಿತ ದೀಪಾವಳಿಗೆ ಅನ್ವಯಿಸಿ ನೋಡೋಣ. ಸೀರೆಯ ಬೆಲೆ 1000 ರೂಪಾಯಿ, ಅಸಲು 700. ಸುತ್ತಣ ಹಳ್ಳಿಗಳನ್ನು ಚೀಟಿ ಎತ್ತಿ ಮೂರು ಸಮಗುಂಪುಗಳಾಗಿ ವಿಂಗಡಿಸಿ, ಮೊದಲನೆಯದಕ್ಕೆ ಶೇಕಡ 20 ರಿಯಾಯಿತಿಯನ್ನು ಸಾರುವ ಕರಪತ್ರವನ್ನೂ, ಎರಡನೆಯದಕ್ಕೆ ನೂಲು, ಬಣ್ಣ, ಸೆರಗುಗಳನ್ನು ವರ್ಣಿಸಿ ಶೇಕಡ 5 ಮಾತ್ರ ಬಿಡುವ ಕರಪತ್ರವನ್ನೂ ಹಂಚಿ, ಮೂರನೆಯದಕ್ಕೆ ಏನನ್ನೂ ಹಂಚದೆ ಬಿಡಲಾಯಿತು. ಕೊಂಡವರ ಊರನ್ನು ಬಿಲ್ಲಿನಲ್ಲಿ ಬರೆದಿಟ್ಟರು. ಮೊದಲ ಗುಂಪಿಗೆ 100 ಸೀರೆ ಹೋಗಿ 15 ವಾಪಸಾದವು. ಉಳಿದ 85ರಲ್ಲಿ ತಲಾ 100ರಂತೆ 8500 ಲಾಭ, ವಾಪಸಾದುದರ ಮಡಿಕೆ-ಇಸ್ತ್ರಿಗೆ ತಲಾ 50ರಂತೆ 750 ಕಳೆದರೆ 7750. ಎರಡನೆಯದಕ್ಕೆ 50 ಹೋಗಿ 4 ವಾಪಸಾದವು. 46ರಲ್ಲಿ ತಲಾ 250ರಂತೆ 11500, ಅದರಲ್ಲಿ 200 ಕಳೆದರೆ 11300. ಮೂರನೆಯ ಗುಂಪಿನವರು ಪೂರ್ಣ ಬೆಲೆಗೇ 30 ಕೊಂಡು 9000 ಲಾಭ ತಂದರು. ಆದುದರಿಂದ ಮುದ್ರಣದ ವೆಚ್ಚವನ್ನು ಸೇರಿಸುವ ಮುನ್ನವೇ, ಅತಿ ಹೆಚ್ಚು ಮಾರಿದ ಕರಪತ್ರ 1250 ರೂಪಾಯಿ ನಷ್ಟವನ್ನೂ, ಅದರರ್ಧ ಮಾರಿದುದು 2300 ರೂಪಾಯಿ ಲಾಭವನ್ನೂ ತಂದಿತು.

ಇಲ್ಲೊಂದು ದೋಷವುಂಟು. ಎರಡು ಕರಪತ್ರಗಳಲ್ಲಿ ಒಕ್ಕಣೆಯೂ ರಿಯಾಯಿತಿಯೂ ಏಕಕಾಲಕ್ಕೆ ಬದಲಾದುದರಿಂದ, ಫಲ ಯಾವುದರದೆಂದು ಹೇಳಲಾಗದು. ಮುಂದಿನ ವರ್ಷ ರಿಯಾಯಿತಿಯನ್ನು ಸಮವಾಗಿಟ್ಟು ಮಾತನ್ನಷ್ಟೇ ಬದಲಿಸಬೇಕು. ಹಳೆಯ ವರ್ಷದೊಡನೆ ತಾರೀಖಿನಂತೆ ಹೋಲಿಸುವುದೂ ಸಲ್ಲದು: 2023ರಲ್ಲಿ ನವೆಂಬರಿನ ನಡುವೆ ಬಂದ ದೀಪಾವಳಿ 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೇ ಬಂದಿತು, ಹತ್ತಿ ಬಿಡಿಸಿ ಕೈಗೆ ಹಣ ಬರುವ ಮುನ್ನ ಬಂದ ಹಬ್ಬಕ್ಕೂ ಅನಂತರದ ಹಬ್ಬಕ್ಕೂ ಅಂತರ ಅಪಾರ.

ಹೊಸ ಒಕ್ಕಣೆಗೆ ಬೇಕಾದ ಮಾತು ವಾಪಸಿನ ವಹಿಯಲ್ಲೇ ದೊರೆಯುತ್ತದೆ. ಹದಿನೈದರಲ್ಲಿ ಒಂಬತ್ತರ ಮುಂದೆ “ಚಿತ್ರದ ಕೆಂಪು ಬೇರೆ, ಸೀರೆಯ ಕೆಂಪು ಬೇರೆ” ಎಂದಿದ್ದರೆ, ಬರುವ ವರ್ಷದ ಕರಪತ್ರದಲ್ಲಿ “ಕೆಂಪು” ಎಂಬಲ್ಲಿ “ದಾಳಿಂಬೆ ಕಾಳಿನ ಕೆಂಪು” ಎಂದು ಬರೆಯತಕ್ಕದ್ದು.