ಪಸಾಯದಾನ: ಒಂಬತ್ತು ಓವಿಗಳ ಕನ್ನಡ ಅನುವಾದ ಮತ್ತು ಟಿಪ್ಪಣಿ

ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ‘ಪಸಾಯದಾನ’ವನ್ನು ಕೇಳದವರು ವಿರಳ. ಶಾಲೆಯ ಪ್ರಾರ್ಥನೆಯಲ್ಲಿ, ಕೀರ್ತನೆಯ ಕೊನೆಯಲ್ಲಿ, ಸಭೆಯ ಮುಕ್ತಾಯದಲ್ಲಿ ಅದು ಕೇಳಿಬರುತ್ತದೆ. ನಮ್ಮ ಮಕ್ಕಳಿಗೆ ಅದು ಬಾಯಿಪಾಠವಾಗಿದೆ. ನಮಗೆ ಅದರ ಅರ್ಧದಷ್ಟು ಪದಗಳು ಸಂಸ್ಕೃತದ ಮೂಲಕ ಪರಿಚಿತವಾಗಿವೆ. ಈ ಪರಿಚಯವೇ ಕನ್ನಡ ಅನುವಾದಕನನ್ನು ದಾರಿ ತಪ್ಪಿಸಬಲ್ಲದು. ಮುನ್ನುಡಿ ಮತ್ತು ಟಿಪ್ಪಣಿಗಳೊಡನೆ ಈ ಕಿರುಪ್ರಾರ್ಥನೆಯನ್ನು ಕನ್ನಡಕ್ಕೆ ತರುವಾಗ ಯಾವ ಪ್ರಶ್ನೆಗಳು ಎದುರಾಗುತ್ತವೆ, ಅವುಗಳಿಗೆ ಇತಿಹಾಸ ಯಾವ ಉತ್ತರ ಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮುನ್ನುಡಿಯು ಮೊದಲು ಹೇಳಬೇಕಾದ ಸಂಗತಿಯೆಂದರೆ, ಪಸಾಯದಾನ ಸ್ವತಂತ್ರ ಸ್ತೋತ್ರವಲ್ಲ. ಜ್ಞಾನದೇವರು ಭಗವದ್ಗೀತೆಗೆ ಮರಾಠಿಯಲ್ಲಿ ರಚಿಸಿದ ‘ಭಾವಾರ್ಥದೀಪಿಕೆ’, ಅಂದರೆ ‘ಜ್ಞಾನೇಶ್ವರಿ’, ಸುಮಾರು ಒಂಬತ್ತು ಸಾವಿರ ಓವಿಗಳ ಗ್ರಂಥ. ಅದರ ಹದಿನೆಂಟನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಬರುವ ಒಂಬತ್ತು ಓವಿಗಳೇ ಈ ಪ್ರಾರ್ಥನೆ. ಅದರ ಮೊದಲ ಪದಕ್ಕೆ ‘ಈಗ’ ಎಂದು ಅರ್ಥ. ಬಿಡಿಯಾಗಿ ಹಾಡುವಾಗ ಈ ಪದ ಕೇವಲ ಆರಂಭಸೂಚಕದಂತೆ ಕೇಳಿಸುತ್ತದೆ. ಆದರೆ ಗ್ರಂಥದೊಳಗೆ ಅದು ದೀರ್ಘವಾದ ಕೆಲಸವೊಂದು ಮುಗಿಯಿತೆಂಬುದನ್ನು ಸೂಚಿಸುತ್ತದೆ. ಕವಿ ತನ್ನ ವ್ಯಾಖ್ಯಾನವನ್ನು ಮಾತಿನ ಯಜ್ಞವೆಂದು ಕರೆದು, ಯಜ್ಞ ಮುಗಿದ ಮೇಲೆ ವಿಶ್ವಾತ್ಮಕನಾದ ದೇವರಿಂದ ಫಲವನ್ನು ಬೇಡುತ್ತಾನೆ. ‘ಈಗ’ ಎಂಬುದನ್ನು ಅನುವಾದಕ ಕೈಬಿಟ್ಟರೆ ಯಜ್ಞಕ್ಕೂ ಬೇಡಿಕೆಗೂ ಇರುವ ಸಂಬಂಧ ಕಡಿದುಹೋಗುತ್ತದೆ.

ಈ ಒಂಬತ್ತು ಓವಿಗಳಾದ ಮೇಲೂ ಗ್ರಂಥ ಮುಂದುವರಿಯುತ್ತದೆ. ಅಲ್ಲಿ ಗೋದಾವರಿಯ ದಕ್ಷಿಣ ತೀರದ ಸ್ಥಳ, ಯದುವಂಶದ ರಾಮಚಂದ್ರನ ಆಳ್ವಿಕೆ, ಗುರುಪರಂಪರೆ, ಶಕ 1212 ಅಂದರೆ ಕ್ರಿ.ಶ. 1290ನೆಯ ವರ್ಷ, ಬರೆದುಕೊಂಡ ಸಚ್ಚಿದಾನಂದರ ಹೆಸರು ಇವೆಲ್ಲ ಬರುತ್ತವೆ. ಈ ರಾಮಚಂದ್ರ ದೇವಗಿರಿಯ ಸೇವುಣ ಅರಸ. ಅವನ ವಂಶದ ಅನೇಕ ಶಾಸನಗಳು ಕನ್ನಡದಲ್ಲಿವೆ. ಹೀಗಾಗಿ ಜ್ಞಾನೇಶ್ವರಿ ಹುಟ್ಟಿದ ರಾಜ್ಯ ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳು ಬಳಕೆಯಲ್ಲಿದ್ದ ರಾಜ್ಯ. ಮುನ್ನುಡಿ ಇದನ್ನು ಹೇಳಬೇಕಾದುದು ಅಭಿಮಾನಕ್ಕಾಗಿ ಅಲ್ಲ. ಶೀರ್ಷಿಕೆಯ ಅರ್ಥವನ್ನು ತಿಳಿಯಲು ಇದು ನೆರವಾಗುತ್ತದೆ.

‘ಪಸಾಯ’ ಎಂಬುದು ಸಂಸ್ಕೃತದ ‘ಪ್ರಸಾದ’ದಿಂದ ಬಂದ ತದ್ಭವ. ಇಂದಿನ ಕನ್ನಡದಲ್ಲಿ ಪ್ರಸಾದವೆಂದರೆ ಮೊದಲು ನೆನಪಾಗುವುದು ದೇವಸ್ಥಾನದಲ್ಲಿ ಕೈಗೆ ಬೀಳುವ ಹೂವು, ತೀರ್ಥ, ಸಿಹಿ. ಶರಣರ ಪರಂಪರೆಯಲ್ಲಿ ಅದು ಅಷ್ಟಾವರಣಗಳಲ್ಲೊಂದು. ಆದ್ದರಿಂದ ‘ಪ್ರಸಾದದಾನ’ ಎಂದು ಅನುವಾದಿಸಿದರೆ ಓದುಗನ ಮನಸ್ಸು ಬೇರೆಡೆಗೆ ಹೋಗುತ್ತದೆ. ಆದರೆ ‘ಪಸಾಯ’ ಹಳಗನ್ನಡದ ಪದವೂ ಹೌದು. ಅಲ್ಲಿ ಅದಕ್ಕೆ ಒಡೆಯನ ಮೆಚ್ಚುಗೆ, ಆ ಮೆಚ್ಚುಗೆಯಿಂದ ಬಂದ ಕೊಡುಗೆ ಎಂಬ ಅರ್ಥಗಳಿವೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಬರುವ ‘ಮಹಾಪಸಾಯಿತ’ ಎಂಬುದು ಅರಸನಿಗೆ ಆಪ್ತನಾದ ಅಧಿಕಾರಿಯ ಬಿರುದು. ಈ ಹಿನ್ನೆಲೆಯಲ್ಲಿ ನೋಡಿದರೆ ಮೊದಲ ಓವಿಯ ಚಿತ್ರ ಸ್ಪಷ್ಟವಾಗುತ್ತದೆ: ಕೆಲಸವನ್ನು ಪೂರೈಸಿದ ಸೇವಕ ಒಡೆಯನ ಮುಂದೆ ನಿಂತು, ಮೆಚ್ಚಿದ್ದರೆ ಉಡುಗೊರೆ ಕೊಡು ಎಂದು ಕೇಳುತ್ತಿದ್ದಾನೆ. ಮುಂದಿನ ಓವಿಗಳಲ್ಲಿ ಅವನು ಬೇಡುವ ಉಡುಗೊರೆ ತನಗಾಗಿ ಅಲ್ಲ, ಲೋಕಕ್ಕಾಗಿ. ಇದೇ ಕಾವ್ಯದ ತಿರುವು.

ಆದ್ದರಿಂದ ‘ಪಸಾಯ’ವನ್ನು ಹಾಗೆಯೇ ಉಳಿಸಿಕೊಂಡು ಟಿಪ್ಪಣಿಯಲ್ಲಿ ಬಿಡಿಸಿ ಹೇಳುವುದು ಮೇಲೆಂದು ನಮ್ಮ ಅಭಿಪ್ರಾಯ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂಬತ್ತನೆಯ ಓವಿಯಲ್ಲಿ ವಿಶ್ವೇಶ್ವರನು ಬೇಡಿಕೆಯನ್ನು ಒಪ್ಪಿಕೊಳ್ಳುವಾಗ ‘ದಾನ’ ಮತ್ತು ‘ಪಸಾಯ’ ಎಂಬ ಪದಗಳೇ ಕ್ರಮ ಬದಲಿಸಿ ಮರಳಿ ಬರುತ್ತವೆ. ಬೇಡಿದ ಪದದಲ್ಲಿಯೇ ಕೊಡುವ ಮಾತು ಬಂದಿದೆ. ಮೊದಲ ಓವಿಯಲ್ಲಿ ‘ವರ’ ಎಂದೂ ಕೊನೆಯ ಓವಿಯಲ್ಲಿ ‘ಅನುಗ್ರಹ’ ಎಂದೂ ಅನುವಾದಿಸಿದರೆ ಈ ಜೋಡಣೆ ಓದುಗನಿಗೆ ಕಾಣಿಸುವುದಿಲ್ಲ.

ಇನ್ನು ಪಾಠದ ವಿಚಾರ. ಯಾವ ಪಾಠವನ್ನು ಅನುವಾದಿಸುತ್ತಿದ್ದೇವೆ ಎಂಬುದನ್ನು ಮುನ್ನುಡಿ ಖಚಿತವಾಗಿ ತಿಳಿಸಬೇಕು. ಜ್ಞಾನದೇವರ ಕೈಬರಹವಾಗಲಿ ಸಚ್ಚಿದಾನಂದರ ಪ್ರತಿಯಾಗಲಿ ನಮಗೆ ಉಳಿದುಬಂದಿಲ್ಲ. ಸುಮಾರು ಮೂರು ಶತಮಾನಗಳ ಬಳಿಕ, ಶಕ 1506ರಲ್ಲಿ (ಕ್ರಿ.ಶ. 1584), ಪೈಠಣದ ಏಕನಾಥರು ಪ್ರತಿಗಳನ್ನು ನೋಡಿ ಗ್ರಂಥವನ್ನು ಶುದ್ಧೀಕರಿಸಿದರು; ಇದರಲ್ಲಿ ಯಾರೂ ತಮ್ಮ ಓವಿಯನ್ನು ಸೇರಿಸಬಾರದೆಂದು ಕಟುವಾಗಿ ಎಚ್ಚರಿಸಿದರು. ಜನರ ಬಾಯಲ್ಲಿರುವುದು ಈ ಪರಂಪರೆಯ ಪಾಠ. 1909ರಲ್ಲಿ ಇತಿಹಾಸಕಾರ ವಿ. ಕಾ. ರಾಜವಾಡೆಯವರು ಏಕನಾಥರಿಗಿಂತ ಹಿಂದಿನದೆಂದು ತಾವು ನಂಬಿದ ಹಸ್ತಪ್ರತಿಯೊಂದನ್ನು ಆಧರಿಸಿ ಬೇರೊಂದು ಆವೃತ್ತಿಯನ್ನು ಪ್ರಕಟಿಸಿದರು. ಅದರ ಪ್ರಾಚೀನತೆಯ ಕುರಿತು ಚರ್ಚೆಯುಂಟು. ಹಾಡಿಕೆಯಲ್ಲಿ ಬದುಕಿರುವ ಪ್ರಾರ್ಥನೆಯನ್ನು ಅನುವಾದಿಸುವವರು ಪ್ರಚಲಿತ ಪಾಠವನ್ನೇ ಆಧಾರವಾಗಿಟ್ಟುಕೊಂಡು, ಅರ್ಥ ಬದಲಾಗುವಲ್ಲಿ ಮಾತ್ರ ಇತರ ಪಾಠವನ್ನು ಟಿಪ್ಪಣಿಯಲ್ಲಿ ಕೊಟ್ಟರೆ ಸಾಕು. ಓವಿಗಳ ಸಂಖ್ಯೆಯೂ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಾಗುವುದರಿಂದ, ಸಂಖ್ಯೆಯೊಡನೆ ಆವೃತ್ತಿಯ ಹೆಸರನ್ನೂ ಹೇಳದಿದ್ದರೆ ಓದುಗನು ಮೂಲವನ್ನು ಹುಡುಕಲಾರ.

ಪದಗಳ ಟಿಪ್ಪಣಿಯಲ್ಲಿ ಕನ್ನಡ ಅನುವಾದಕನಿಗೆ ಒಂದು ವಿಶೇಷ ತೊಡಕಿದೆ. ತಿಳಿಯದ ಪದವನ್ನು ನಾವು ನಿಘಂಟಿನಲ್ಲಿ ನೋಡುತ್ತೇವೆ. ತಿಳಿದಂತೆ ಕಾಣುವ ಪದವನ್ನು ನೋಡುವುದಿಲ್ಲ. ಎರಡನೆಯ ಓವಿಯ ‘ಭೂತ’ ಇದಕ್ಕೆ ಉದಾಹರಣೆ. ಅಲ್ಲಿ ಅದರ ಅರ್ಥ ಜೀವಿಗಳು. ನಮ್ಮ ಆಡುಮಾತಿನಲ್ಲಿ ಅದು ದೆವ್ವ. ಎಂಟನೆಯ ಓವಿಯ ‘ದೃಷ್ಟಾದೃಷ್ಟ’ ಇನ್ನೂ ಸೂಕ್ಷ್ಮವಾದುದು. ಈ ಗ್ರಂಥವನ್ನೇ ಜೀವನವಾಗಿಸಿಕೊಂಡವರಿಗೆ ದೃಷ್ಟ ಮತ್ತು ಅದೃಷ್ಟಗಳ ಮೇಲೆ ವಿಜಯ ಸಿಗಲೆಂದು ಕವಿ ಬೇಡುತ್ತಾನೆ. ಕನ್ನಡದ ಕಿವಿಗೆ ‘ಅದೃಷ್ಟ’ವೆಂದರೆ ಲಾಟರಿಯಲ್ಲಿ ಬರುವ ಭಾಗ್ಯ. ಇಲ್ಲಿಯ ಅರ್ಥವಾದರೋ ಕಣ್ಣಿಗೆ ಕಾಣುವ ಈ ಲೋಕ ಮತ್ತು ಕಾಣದ ಪರಲೋಕ. ಇದಕ್ಕೆ ನಮ್ಮಲ್ಲಿ ‘ಇಹಪರ’ ಎಂಬ ಸಿದ್ಧವಾದ ಜೋಡುಪದವಿದೆ. ಅದನ್ನು ಬಳಸಿದರೆ ಟಿಪ್ಪಣಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಎರಡನೆಯ ಓವಿಯನ್ನು ಸ್ವಲ್ಪ ನಿಂತು ನೋಡೋಣ. ಅದರಲ್ಲಿ ಮೂರು ಬೇಡಿಕೆಗಳಿವೆ: ಖಳರ ‘ವ್ಯಂಕಟಿ’ ಕಳಚಿ ಬೀಳಲಿ, ಒಳ್ಳೆಯ ಕೆಲಸದಲ್ಲಿ ಅವರ ಪ್ರೀತಿ ಬೆಳೆಯಲಿ, ಜೀವಿಗಳ ನಡುವೆ ಎದೆಯಾಳದ ಸ್ನೇಹ ಮೂಡಲಿ. ‘ವ್ಯಂಕಟಿ’ ಎಂದರೆ ವಕ್ರತೆ. ತಿರುಪತಿಯ ವೆಂಕಟನಿಗೂ ಈ ಪದಕ್ಕೂ ನಂಟಿಲ್ಲವೆಂದು ಹೇಳುವುದು ಅನಗತ್ಯವೆನಿಸಬಹುದು. ಆದರೆ ಕನ್ನಡ ಓದುಗನಿಗೆ ಮೊದಲು ಹೊಳೆಯುವುದು ಅದೇ. ಕನ್ನಡದಲ್ಲಿ ಮೂರು ಪದಗಳು ಮುಂದೆ ಬರುತ್ತವೆ. ‘ವಕ್ರತೆ’ ಸರಿಯಾದರೂ ಪುಸ್ತಕದ ಪದ. ‘ಕೊಂಕು’ ಹತ್ತಿರದ್ದಾದರೂ ಇಂದು ಅದು ಮಾತಿನ ಚುಚ್ಚಿಗೆ ಸೀಮಿತವಾಗಿದೆ. ‘ಡೊಂಕು’ ಎಂಬುದರಲ್ಲಿ ನೆಟ್ಟಗಾಗಬಲ್ಲದು, ತಿದ್ದಬಹುದು ಎಂಬ ಧ್ವನಿಯಿದೆ. ಪ್ರಾರ್ಥನೆಯ ಆಶಯವೂ ಅದೇ ಆದುದರಿಂದ ನಾವು ‘ಡೊಂಕು’ ಎಂಬುದನ್ನು ಆರಿಸಿಕೊಳ್ಳುತ್ತೇವೆ.

ಇಲ್ಲಿ ಸಂದರ್ಭದ ಟಿಪ್ಪಣಿಯೂ ಅಗತ್ಯ. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನು ತನ್ನ ಅವತಾರದ ಉದ್ದೇಶಗಳಲ್ಲಿ ದುಷ್ಟರ ವಿನಾಶವನ್ನೂ ಹೇಳುತ್ತಾನೆ. ಆ ಗೀತೆಗೆ ಹದಿನೆಂಟು ಅಧ್ಯಾಯಗಳ ವ್ಯಾಖ್ಯಾನ ಬರೆದವನು, ಮುಗಿಸಿದ ಮೇಲೆ, ದುಷ್ಟರ ನಾಶವನ್ನು ಬೇಡದೆ ದುಷ್ಟತನದ ನಾಶವನ್ನು ಬೇಡುತ್ತಾನೆ. ‘ಖಳರು ಅಳಿಯಲಿ’ ಎಂಬಂತೆ ಧ್ವನಿಸುವ ಯಾವ ಅನುವಾದವೂ ಇಲ್ಲಿ ತಪ್ಪು. ಪರಂಪರೆಯ ಪ್ರಕಾರ, ಸಂನ್ಯಾಸದಿಂದ ಸಂಸಾರಕ್ಕೆ ಮರಳಿದ ತಂದೆಯ ಮಕ್ಕಳೆಂಬ ಕಾರಣಕ್ಕೆ ಜ್ಞಾನದೇವರೂ ಒಡಹುಟ್ಟಿದವರೂ ಬಹಿಷ್ಕಾರವನ್ನು ಉಂಡವರು. ಈ ಕಥೆಯನ್ನು ಮುನ್ನುಡಿಯಲ್ಲಿ ಹೇಳುವಾಗ, ಇದು ಪರಂಪರೆಯ ಮಾತು, ಓವಿಗಳ ಮಾತಲ್ಲ ಎಂಬ ಗೆರೆಯನ್ನು ಎಳೆಯಬೇಕು. ಪ್ರಾರ್ಥನೆಯಲ್ಲಿ ತನಗಾದ ನೋವಿನ ಒಂದು ಪದವೂ ಇಲ್ಲ.

ಮೂರನೆಯ ಓವಿಯ ‘ಸ್ವಧರ್ಮ’ ಟಿಪ್ಪಣಿಕಾರನ ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಪದ. ಜಗತ್ತು ಸ್ವಧರ್ಮದ ಸೂರ್ಯನನ್ನು ಕಾಣಲಿ ಎಂಬುದು ಅಲ್ಲಿಯ ಬೇಡಿಕೆ. ಇಂದು ಶಾಲೆಯಲ್ಲಿ ಹಾಡುವ ಮಗು ಅದನ್ನು ‘ನನ್ನ ಕರ್ತವ್ಯ’ ಎಂದು ತಿಳಿಯುತ್ತದೆ; ಕೆಲವರು ‘ನನ್ನ ಮತ’ ಎಂದೂ ಓದುತ್ತಾರೆ. ಆದರೆ ಹದಿಮೂರನೆಯ ಶತಮಾನದ ಗೀತಾವ್ಯಾಖ್ಯಾನದಲ್ಲಿ ಈ ಪದ ವರ್ಣಾಶ್ರಮಕ್ಕೆ ತಕ್ಕ ಕರ್ಮವನ್ನು ಸೂಚಿಸುತ್ತದೆ; ಜ್ಞಾನೇಶ್ವರಿಯ ಮೂರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳೇ ಅದಕ್ಕೆ ಸಾಕ್ಷಿ. ಅದೇ ಓವಿ ಮುಂದೆ, ಯಾವ ಪ್ರಾಣಿ ಏನನ್ನು ಬಯಸುವುದೋ ಅದು ಅದನ್ನು ಪಡೆಯಲಿ ಎಂದು ವರ್ಣ, ಕುಲಗಳ ಗೆರೆಯನ್ನೆಲ್ಲ ದಾಟುತ್ತದೆ. ಎರಡೂ ಅಲ್ಲಿಯೇ ಇವೆ. ಹಳೆಯ ಅರ್ಥವನ್ನು ಮುಚ್ಚಿಟ್ಟು ಇಂದಿಗೆ ಹಿತವಾದುದನ್ನು ಮಾತ್ರ ಹೇಳುವುದೂ, ಹಳೆಯ ಅರ್ಥವನ್ನೇ ಹಿಡಿದು ಮುಂದಿನ ಸಾಲನ್ನು ಮರೆಯುವುದೂ ಸಲ್ಲ. ಅನುವಾದದಲ್ಲಿ ‘ಸ್ವಧರ್ಮ’ವನ್ನು ಹಾಗೆಯೇ ಇಟ್ಟು, ಟಿಪ್ಪಣಿಯಲ್ಲಿ ಎರಡನ್ನೂ ಹೇಳುವುದು ಸರಿಯಾದ ದಾರಿ.

ಛಂದಸ್ಸಿನ ಬಗೆಗೆ ಒಂದು ಮಾತು. ಜ್ಞಾನೇಶ್ವರಿಯ ಓವಿಯಲ್ಲಿ ಮೂರು ಚರಣಗಳಿಗೆ ಅಂತ್ಯಪ್ರಾಸ. ನಾಲ್ಕನೆಯದು ಗಿಡ್ಡ, ಪ್ರಾಸವಿಲ್ಲದ್ದು. ಬೀಸುವ ಕಲ್ಲಿನ ಮುಂದೆ ಮರಾಠಿ ಹೆಂಗಸರು ಹಾಡಿದ್ದು ಓವಿ, ನಮ್ಮವರು ಹಾಡಿದ್ದು ತ್ರಿಪದಿ. ಆದ್ದರಿಂದ ತ್ರಿಪದಿಯ ಕಡೆಗೆ ಮನಸ್ಸು ಎಳೆಯುವುದು ಸಹಜ. ಆದರೆ ತ್ರಿಪದಿ ಬಹುಮಟ್ಟಿಗೆ ತನ್ನಷ್ಟಕ್ಕೆ ಪೂರ್ಣವಾದ ಪದ್ಯ, ಈ ಓವಿಗಳಾದರೋ ಒಂದರಿಂದೊಂದಕ್ಕೆ ಹರಿಯುತ್ತವೆ. ನಡೆಯುವ ಕಲ್ಪತರುಗಳು, ಮಾತನಾಡುವ ಅಮೃತಸಾಗರಗಳು, ಕಲೆಯಿಲ್ಲದ ಚಂದ್ರರು, ತಾಪವಿಲ್ಲದ ಸೂರ್ಯರು ಎಂದು ಐದು ಮತ್ತು ಆರನೆಯ ಓವಿಗಳು ವರ್ಣಿಸುವುದೆಲ್ಲ ನಾಲ್ಕನೆಯ ಓವಿಯಲ್ಲಿ ಬಂದ ಭಕ್ತರ ಕೂಟವನ್ನೇ. ಈ ಎಳೆ ತುಂಡಾದರೆ ರೂಪಕಗಳು ಯಾರ ಕುರಿತಾದವು ಎಂಬುದೇ ಮರೆಯಾಗುತ್ತದೆ. ಪ್ರಾಸಕ್ಕಾಗಿ ಪದ ಬದಲಿಸುವುದಕ್ಕಿಂತ, ನಾಲ್ಕು ಸಾಲುಗಳ ಸರಳ ಗದ್ಯಲಯವನ್ನು ಇಟ್ಟುಕೊಂಡು ಕೊನೆಯ ಸಾಲನ್ನು ಗಿಡ್ಡವಾಗಿಸಿದರೆ ಮೂಲದ ಉಸಿರು ಸ್ವಲ್ಪವಾದರೂ ಉಳಿಯುತ್ತದೆ.

ಕೊನೆಯದಾಗಿ, ಒಂಬತ್ತನೆಯ ಓವಿಯ ‘ವಿಶ್ವೇಶ್ವರ’ ಯಾರು? ಮೊದಲ ಓವಿಯ ವಿಶ್ವಾತ್ಮಕ ದೇವನೆಂದು ಕೆಲವರು, ಅಣ್ಣನೂ ಗುರುವೂ ಆದ ನಿವೃತ್ತಿನಾಥರೆಂದು ಇನ್ನು ಕೆಲವರು ಅರ್ಥೈಸುತ್ತಾರೆ. ಜ್ಞಾನದೇವರ ನಾಥಪರಂಪರೆಯಲ್ಲಿ ಗುರುವೂ ದೇವನೂ ಬೇರೆಯಲ್ಲವಾದುದರಿಂದ ಎರಡೂ ಸಲ್ಲುತ್ತವೆ. ಮೂಲ ತೆರೆದಿಟ್ಟ ಬಾಗಿಲನ್ನು ಅನುವಾದ ಮುಚ್ಚಬಾರದು. ಪದವನ್ನು ಹಾಗೆಯೇ ಉಳಿಸಿ, ಎರಡು ಅರ್ಥಗಳನ್ನೂ ಅಡಿಯಲ್ಲಿ ಕೊಟ್ಟರೆ ಟಿಪ್ಪಣಿಯ ಕೆಲಸ ಅಲ್ಲಿಗೆ ಮುಗಿಯಿತು.